ಐಎಂಇಐನ ಮೊದಲೆರಡು ಅಂಕಿ: ಊರಿನ ಗುರುತಲ್ಲ, ಕಚೇರಿಯ ಗುರುತು

ಮೈಸೂರು–ನಂಜನಗೂಡು ರಸ್ತೆಯ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವವರ ನಡುವೆ ಹಳೆ ಫೋನುಗಳು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ. ಕೊಳ್ಳುವವರು ಮೊದಲು `*#06#` ಒತ್ತಿಸಿ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯನ್ನು ತೋರಿಸಿಕೊಳ್ಳುತ್ತಾರೆ. ಅಷ್ಟು ಮಾಡುವುದು ಜಾಣತನವೇ. ಆದರೆ ಆ ಸಂಖ್ಯೆಯನ್ನು ಓದುವಾಗ ಒಂದು ನಂಬಿಕೆ ನುಸುಳುತ್ತದೆ: "91 ಇದ್ರೆ ನಮ್ ದೇಶದ್ದು, 86 ಇದ್ರೆ ಚೈನಾದು, 35 ಇದ್ರೆ ಫಾರಿನ್ ಪೀಸು ಕಣಣ್ಣ." 91 ನಮ್ಮ ದೂರವಾಣಿಯ ದೇಶ ಸಂಕೇತ, 86 ಚೀನಾದ್ದು. ಆದ್ದರಿಂದ ಲೆಕ್ಕ ಸರಿಯಾಗಿರುವಂತೆಯೇ ಕಾಣುತ್ತದೆ. 35 ಯಾವ ದೇಶದ್ದು ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ; 35 ಎಂಬ ಎರಡಂಕಿಯ ದೇಶ ಸಂಕೇತವೇ ಇಲ್ಲ. 351 ಪೋರ್ಚುಗಲ್, 353 ಐರ್ಲೆಂಡ್, 358 ಫಿನ್ಲೆಂಡ್. ಬರಿಯ 35 ಯಾರದೂ ಅಲ್ಲ. ಹಾಗಿದ್ದೂ ಇವತ್ತು ನಮ್ಮ ಜೇಬುಗಳಲ್ಲಿರುವ ಬಹಳಷ್ಟು ಫೋನುಗಳ ಸಂಖ್ಯೆ ಅದರಿಂದಲೇ ಶುರುವಾಗುತ್ತದೆ.

ಈ ನಂಬಿಕೆಯನ್ನು ಪೂರ್ತಿ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅದರ ಅಡಿಯಲ್ಲಿ ಒಂದು ಹಳೆಯ ವ್ಯವಸ್ಥೆಯ ನೆನಪಿದೆ. ಆ ವ್ಯವಸ್ಥೆಯಲ್ಲಿ ಮೊದಲೆರಡು ಅಂಕಿಗೂ ಒಂದು ದೇಶಕ್ಕೂ ನಂಟಿತ್ತು. ಆದರೆ ಅದು ಫೋನು ತಯಾರಾದ ದೇಶವಲ್ಲ, ಫೋನಿನ ಮಾದರಿಗೆ ಒಪ್ಪಿಗೆ ಕೊಟ್ಟ ದೇಶ. ಮುಂದೆ ಆ ಒಪ್ಪಿಗೆಯ ಪದ್ಧತಿಯೇ ರದ್ದಾಯಿತು, ಅಂಕಿಗಳು ಉಳಿದುಕೊಂಡವು. ಆ ಬದಲಾವಣೆ ಯಾವಾಗ, ಏಕೆ ಆಯಿತು, ಇವತ್ತು ಆ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ವಿವರಣೆಗೆ ಎರಡು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಎರಡೂ ಈ ವಿಷಯದ ವಿವರಣೆಗಳಲ್ಲಿ ಮಾದರಿಯಾಗಿ ಬಳಕೆಯಲ್ಲಿರುವಂಥವು. ಯಾರ ಖಾಸಗಿ ಫೋನನ್ನೂ ಇಲ್ಲಿಗೆ ಎಳೆದುತಂದಿಲ್ಲ. ಓದಲು ಸುಲಭವಾಗಲೆಂದು ನಡುವೆ ಜಾಗ ಬಿಟ್ಟಿದ್ದೇನೆ.

```
49 0154 20 323751 8
35 2099 00 176148 1
```

ಮೊದಲನೆಯದು ಹಳೆಯ ಕಟ್ಟಳೆಯದು. ಅದರಲ್ಲಿ ಮೊದಲ ಆರು ಅಂಕಿ, ಎಂದರೆ 490154, ಟೈಪ್ ಅಪ್ರೂವಲ್ ಕೋಡ್. ಈ ಮಾದರಿಯ ಫೋನನ್ನು ಪರೀಕ್ಷಿಸಿ ಒಪ್ಪಿದ್ದೇವೆ ಎಂಬುದಕ್ಕೆ ಸಿಕ್ಕ ನೋಂದಣಿ ಸಂಖ್ಯೆ ಅದು. ಅದರೊಳಗೆ ಮೊದಲ ಎರಡು ಅಂಕಿ ಒಪ್ಪಿಗೆ ಕೊಟ್ಟವರು ಯಾರು ಎಂಬುದನ್ನು ಹೇಳುತ್ತವೆ, ಉಳಿದ ನಾಲ್ಕು ಅವರ ಪುಸ್ತಕದಲ್ಲಿ ಇದು ಎಷ್ಟನೆಯ ಮಾದರಿ ಎಂಬುದನ್ನು. ಆಮೇಲಿನ 20 ಎಂಬುದು ಫೈನಲ್ ಅಸೆಂಬ್ಲಿ ಕೋಡ್, ಕೊನೆಯ ಜೋಡಣೆ ನಡೆದ ಕಾರ್ಖಾನೆಯ ಗುರುತು. 323751 ಆ ಕಾರ್ಖಾನೆಯಿಂದ ಹೊರಟ ಫೋನಿನ ಕ್ರಮಸಂಖ್ಯೆ. ಕಡೆಯ 8 ತಾಳೆ ನೋಡುವ ಅಂಕಿ.

49 ಎಂದರೆ ಜರ್ಮನಿ. ಅಲ್ಲಿನ ದೂರವಾಣಿ ಸಂಕೇತವೂ 49 ಆಗಿರುವುದು ಕಾಕತಾಳೀಯವಲ್ಲ. ಯುರೋಪಿನ ದೇಶಗಳು ಜಿಎಸ್ಎಂ ವ್ಯವಸ್ಥೆಯನ್ನು ಕಟ್ಟುವಾಗ ಒಪ್ಪಿಗೆ ಕೊಡುವ ಸಂಸ್ಥೆಗಳಿಗೆ ಕೈಗೆಟಕುವ ಗುರುತೊಂದು ಬೇಕಿತ್ತು. ಎಲ್ಲರಿಗೂ ಪರಿಚಯವಿದ್ದ ದೂರವಾಣಿ ಸಂಕೇತವನ್ನೇ ಎತ್ತಿಕೊಂಡರು. ಫ್ರಾನ್ಸಿಗೆ 33, ಬ್ರಿಟನ್ನಿಗೆ 44, ಡೆನ್ಮಾರ್ಕಿಗೆ 45, ಜರ್ಮನಿಗೆ 49. ಈ ಪ್ರತಿ ಅಂಕಿಯ ಹಿಂದೆಯೂ ಒಂದು ಕಚೇರಿ ಇತ್ತು. ಜರ್ಮನಿಯಲ್ಲಿ ಅದು ಬಿಝಡ್‌ಟಿ ಎಂಬ ಸರ್ಕಾರಿ ಇಲಾಖೆ. ಬ್ರಿಟನ್ನಿನಲ್ಲಿ ಬಿಎಬಿಟಿ, ಬ್ರಿಟಿಷ್ ಅಪ್ರೂವಲ್ಸ್ ಬೋರ್ಡ್ ಫಾರ್ ಟೆಲಿಕಮ್ಯುನಿಕೇಶನ್ಸ್. ಈ ಸಂಸ್ಥೆಗಳಿಗೇ ರಿಪೋರ್ಟಿಂಗ್ ಬಾಡಿ ಎಂದು ಹೆಸರು. ತಾವು ಒಪ್ಪಿಕೊಂಡ ಮಾದರಿಗಳನ್ನು ಕೇಂದ್ರ ಪಟ್ಟಿಗೆ ವರದಿ ಮಾಡುವುದು ಅವುಗಳ ಕೆಲಸವಾಗಿತ್ತು.

ಇಲ್ಲಿಯೇ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಆ ಕಾಲದಲ್ಲೂ 49 ಎಂಬುದು ಫೋನು ಜರ್ಮನಿಯಲ್ಲಿ ತಯಾರಾಯಿತು ಎಂದು ಹೇಳುತ್ತಿರಲಿಲ್ಲ. ಟರ್ಮಿನಲ್ ಉಪಕರಣಗಳ ಬಗ್ಗೆ 1991ರಲ್ಲಿ ಬಂದ ಯುರೋಪಿಯನ್ ನಿರ್ದೇಶನದ ಆಶಯವೇ, ಒಂದು ದೇಶದಲ್ಲಿ ಪಡೆದ ಒಪ್ಪಿಗೆ ಉಳಿದ ದೇಶಗಳಲ್ಲೂ ನಡೆಯಬೇಕು ಎಂಬುದಾಗಿತ್ತು. ಹಾಗಾಗಿ ಫಿನ್ಲೆಂಡಿನ ಕಂಪನಿ ತನ್ನ ಫೋನನ್ನು ಜರ್ಮನಿಯಲ್ಲಿ ಪರೀಕ್ಷೆಗೆ ಕೊಡಬಹುದಿತ್ತು, ಬ್ರಿಟನ್ನಿನಲ್ಲೂ ಕೊಡಬಹುದಿತ್ತು. ಎಲ್ಲಿ ಬೇಗ ಕೆಲಸವಾಗುತ್ತದೋ ಅಲ್ಲಿಗೆ ಹೋಗುವುದು ವ್ಯಾಪಾರಿಗಳ ಸಹಜ ಬುದ್ಧಿ. ವಾಹನದ ನೋಂದಣಿಯಲ್ಲಿ ಕೆಎ 09 ಎಂದಿದ್ದರೆ ಅದು ಮೈಸೂರಿನ ಆರ್‌ಟಿಒ ಕಚೇರಿಯದು ಎಂದರ್ಥ, ಕಾರು ಮೈಸೂರಿನಲ್ಲಿ ತಯಾರಾಯಿತೆಂದಲ್ಲ, ಇದೂ ಅಂಥದ್ದೇ. ತಯಾರಿಕೆಯ ಸ್ಥಳದ ಸುಳಿವು ಏನಾದರೂ ಇದ್ದಿದ್ದರೆ ಅದು ಏಳು ಮತ್ತು ಎಂಟನೆಯ ಅಂಕಿಗಳಲ್ಲಿ, ಎಂದರೆ ಜೋಡಣೆಯ ಸಂಕೇತದಲ್ಲಿ. ಅದೂ ದೇಶದ ಹೆಸರಲ್ಲ. ಕಂಪನಿಗಳಿಗೆ ಹಂಚಿದ್ದ ಎರಡಂಕಿಯ ಗುರುತು ಅಷ್ಟೆ.

ಜೊತೆಗೆ ದೂರವಾಣಿ ಸಂಕೇತದ ಹೊಂದಿಕೆ ಬಹಳ ಕಾಲ ನಿಲ್ಲಲೂ ಇಲ್ಲ. ಪರೀಕ್ಷೆಯ ಕೆಲಸ ಸರ್ಕಾರಿ ಇಲಾಖೆಗಳಿಂದ ಖಾಸಗಿ ಪ್ರಯೋಗಾಲಯಗಳಿಗೆ ಹರಡತೊಡಗಿದಾಗ ಅವುಗಳಿಗೂ ಅಂಕಿ ಬೇಕಾಯಿತು. 49ರ ಪಕ್ಕದಲ್ಲೇ 51, 52 ಎಂದು ಮುಂದುವರಿಸಿ ಜರ್ಮನಿಯ ಸೆಟೆಕಾಮ್ ಪ್ರಯೋಗಾಲಯಗಳಿಗೆ ಕೊಟ್ಟರು. ದೂರವಾಣಿಯಲ್ಲಿ 51 ಪೆರು ದೇಶ, 52 ಮೆಕ್ಸಿಕೊ. ಸೆಟೆಕಾಮ್ ಒಪ್ಪಿದ ಫೋನನ್ನು ಪೆರುವಿನದೆಂದು ಓದಿದರೆ ಹೇಗಿರುತ್ತದೆ! ಅಂಕಿಗಳು ದೇಶವನ್ನು ಸೂಚಿಸುತ್ತವೆ ಎಂಬ ನಿಯಮ ಇದ್ದಿದ್ದರೆ ಅದು ಇಲ್ಲಿಗೇ ಮುರಿದುಬಿದ್ದಿತ್ತು. ನಿಜಕ್ಕೂ ಅಂಥ ನಿಯಮ ಇರಲಿಲ್ಲ. ಆರಂಭದಲ್ಲಿ ಒಂದು ದೇಶಕ್ಕೆ ಒಂದೇ ಕಚೇರಿ ಇದ್ದುದರಿಂದ ಹಾಗೆ ಕಾಣಿಸುತ್ತಿತ್ತು, ಅಷ್ಟೆ.

ಮುಖ್ಯ ಬದಲಾವಣೆ ಬಂದದ್ದು 2000ದ ಏಪ್ರಿಲ್ 8ರಂದು. ಅಂದಿನಿಂದ ಯುರೋಪಿನಲ್ಲಿ 1999/5/ಇಸಿ ಎಂಬ ಹೊಸ ನಿರ್ದೇಶನ ಜಾರಿಯಾಯಿತು. ರೇಡಿಯೊ ಮತ್ತು ದೂರವಾಣಿ ಉಪಕರಣಗಳಿಗೆ ಸರ್ಕಾರದ ಅಥವಾ ಅದು ನೇಮಿಸಿದ ಸಂಸ್ಥೆಯ ಮುಂಗಡ ಒಪ್ಪಿಗೆ ಬೇಕೆಂಬ ಪದ್ಧತಿಯನ್ನು ಅದು ತೆಗೆದುಹಾಕಿತು. ಇನ್ನು ಮುಂದೆ ತಯಾರಕನೇ ತನ್ನ ಉಪಕರಣ ಅಗತ್ಯ ಮಾನದಂಡಗಳಿಗೆ ಹೊಂದುತ್ತದೆ ಎಂದು ಘೋಷಿಸಿ, ದಾಖಲೆಗಳನ್ನು ಇಟ್ಟುಕೊಂಡು ಮಾರಬಹುದು. ತಪ್ಪಿದ್ದರೆ ಮಾರುಕಟ್ಟೆಗೆ ಬಂದ ಮೇಲೆ ವಿಚಾರಣೆ. ಒಂದೇ ಏಟಿಗೆ ರಾಷ್ಟ್ರೀಯ ಟೈಪ್ ಅಪ್ರೂವಲ್ ಕಚೇರಿಗಳಿಗೆ ಆ ಕೆಲಸ ಇಲ್ಲದಂತಾಯಿತು.

ಆದರೆ ಫೋನಿಗೆ ಸಂಖ್ಯೆ ಬೇಕಲ್ಲ! ಒಪ್ಪಿಗೆ ಹೋಯಿತೆಂದು ಸಂಖ್ಯೆಯನ್ನು ಬಿಡುವಂತಿರಲಿಲ್ಲ. ಕಳುವಾದ ಫೋನನ್ನು ತಡೆಯಲು, ಜಾಲಕ್ಕೆ ಸೇರಿದ ಫೋನು ಯಾವ ಮಾದರಿಯದು ಎಂದು ತಿಳಿಯಲು ಪ್ರಪಂಚದಾದ್ಯಂತ ಎರಡು ಫೋನಿಗೆ ಒಂದೇ ಸಂಖ್ಯೆ ಬರದಂತೆ ಯಾರಾದರೂ ಹಂಚಲೇಬೇಕಿತ್ತು. ಆ ಹಂಚಿಕೆಯ ಉಸ್ತುವಾರಿ ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್ಎಂಎ ಪಾಲಿಗೆ ಬಂತು. ಟೈಪ್ ಅಪ್ರೂವಲ್ ಕೋಡ್ ಈಗ ಟೈಪ್ ಅಲೊಕೇಶನ್ ಕೋಡ್ ಆಯಿತು. ಸಂಕ್ಷಿಪ್ತ ರೂಪ ಎರಡಕ್ಕೂ ಟಿಎಸಿ ಆಗಿರುವುದರಿಂದ ಹೊರಗಿನವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಳೆಯ ಅರ್ಥ ಜನರ ನಡುವೆ ಉಳಿದುಕೊಳ್ಳಲು ಇದೂ ಒಂದು ಕಾರಣವಿರಬೇಕು. ಮೊದಲು ಆ ಸಂಖ್ಯೆ "ಪರೀಕ್ಷಿಸಿ ಒಪ್ಪಿದ್ದೇವೆ" ಎನ್ನುತ್ತಿತ್ತು. ಈಗ ಅದು "ಈ ಮಾದರಿಗೆ ಈ ಸಂಖ್ಯೆಗಳ ಕಟ್ಟು ಕೊಟ್ಟಿದ್ದೇವೆ" ಎಂದಷ್ಟೇ ಹೇಳುತ್ತದೆ.

ಎರಡನೆಯ ಬದಲಾವಣೆ ಅದರ ಬೆನ್ನಿಗೇ ಬಂತು. 2003ರ ಜನವರಿ 1ರಿಂದ ಜೋಡಣೆಯ ಸಂಕೇತದ ಜಾಗದಲ್ಲಿ 00 ಬರೆಯತೊಡಗಿದರು. 2004ರ ಏಪ್ರಿಲ್ 1ರ ನಂತರ ಆ ಭಾಗವೇ ಇಲ್ಲವಾಗಿ, ಟಿಎಸಿ ಆರರಿಂದ ಎಂಟು ಅಂಕಿಗೆ ಬೆಳೆಯಿತು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಒಂದೇ ಮಾದರಿಯನ್ನು ಮೂರು ದೇಶಗಳ ಗುತ್ತಿಗೆ ಕಾರ್ಖಾನೆಗಳು ಜೋಡಿಸುವ ಕಾಲ ಬಂದಿತ್ತು. ಎರಡು ಅಂಕಿಯಲ್ಲಿ ಬರೆಯಬಹುದಾದದ್ದು ಬರೀ ನೂರು ಗುರುತು. ಇನ್ನೊಂದೆಡೆ, ಹಳೆಯ ಆರು ಅಂಕಿಯ ಟಿಎಸಿಯಲ್ಲಿ ಒಂದು ರಿಪೋರ್ಟಿಂಗ್ ಬಾಡಿಯ ಕೈಯಲ್ಲಿದ್ದದ್ದು ನಾಲ್ಕು ಅಂಕಿ, ಎಂದರೆ ಹತ್ತು ಸಾವಿರ ಹಂಚಿಕೆಗಳು. ಎಂಟು ಅಂಕಿಯಾದ ಮೇಲೆ ಅದೇ ಸಂಸ್ಥೆಯ ಕೈಗೆ ಆರು ಅಂಕಿ ಸಿಕ್ಕಿತು, ಹತ್ತು ಲಕ್ಷ ಹಂಚಿಕೆಗಳು. ಒಂದೊಂದು ಹಂಚಿಕೆಯ ಅಡಿಯಲ್ಲೂ ಆರಂಕಿಯ ಕ್ರಮಸಂಖ್ಯೆ, ಎಂದರೆ ಹತ್ತು ಲಕ್ಷ ಫೋನು. ಬೆರಳೆಣಿಕೆಯ ಸಂಸ್ಥೆಗಳಿದ್ದರೆ ಇಡೀ ಜಗತ್ತಿಗೆ ಸಾಕು ಎನ್ನುವ ಸ್ಥಿತಿ ಹೀಗೆ ಬಂತು.

ಮೇಲೆ ಕೊಟ್ಟ ಎರಡನೆಯ ಸಂಖ್ಯೆಯಲ್ಲಿ ಈ ಸಂಕ್ರಮಣವೇ ಅಚ್ಚಾಗಿದೆ. 35 ಎಂಬುದು ಬಿಎಬಿಟಿಯ ಗುರುತು. ಬ್ರಿಟನ್ನಿನ ಸಂಸ್ಥೆಗೆ 44 ಬಿಟ್ಟು 35 ಬಂದಿದೆ ಎಂಬುದನ್ನು ಗಮನಿಸಬೇಕು. 2099 ಅವರ ಪುಸ್ತಕದ ಕ್ರಮ. ಆಮೇಲಿನ 00 ಯಾವ ಕಾರ್ಖಾನೆಯದೂ ಅಲ್ಲ. ಹಳೆಯ ಪದ್ಧತಿ ಹೋಗಿ ಹೊಸದು ಬರುವ ನಡುವಿನ ಹದಿನೈದು ತಿಂಗಳ ಖಾಲಿ ಜಾಗ.

ಈ ಖಾಲಿ ಜಾಗವೇ ಒಂದು ದೊಡ್ಡ ಸುಳ್ಳಿಗೆ ಮೂಲವಾದದ್ದು ತಮಾಷೆಯ ವಿಷಯ. ಏಳು ಮತ್ತು ಎಂಟನೆಯ ಅಂಕಿ 00 ಆದರೆ ಮೂಲ ಕಾರ್ಖಾನೆಯ ಉತ್ತಮ ಫೋನು, 02 ಅಥವಾ 20 ಆದರೆ ಎಮಿರೇಟ್ಸ್‌ನದು, ಗುಣಮಟ್ಟ ಕಡಿಮೆ, 13 ಆದರೆ ಅಜರ್‌ಬೈಜಾನಿನದು, ಆರೋಗ್ಯಕ್ಕೂ ಅಪಾಯ ಎಂಬ ಸಂದೇಶ ಎಷ್ಟೋ ವರ್ಷ ನಮ್ಮ ಫೋನುಗಳಲ್ಲಿ ಸುತ್ತಿತು. ಕೆಲವರು ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಫೋನು ಕೊಳ್ಳಲು ಹೋಗುತ್ತಿದ್ದರು. 2004ರ ನಂತರದ ಫೋನಿನಲ್ಲಿ ಆ ಎರಡು ಅಂಕಿಗಳು ಎಂಟಂಕಿಯ ಟಿಎಸಿಯ ಬಾಲ ಮಾತ್ರ. ಒಂದು ಮಾದರಿಗೆ 13ರಲ್ಲಿ ಮುಗಿಯುವ ಕಟ್ಟು ಸಿಗಬಹುದು, ಅದರ ನಂತರ ಅರ್ಜಿ ಹಾಕಿದವರಿಗೆ 14ರಲ್ಲಿ ಮುಗಿಯುವುದು ಸಿಗಬಹುದು. ಅಜರ್‌ಬೈಜಾನಿಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ?

ಇವತ್ತಿನ ಪಟ್ಟಿ ಚಿಕ್ಕದು. 01 ಉತ್ತರ ಅಮೆರಿಕದ ಪಿಟಿಸಿಆರ್‌ಬಿ ಹೆಸರಿನಲ್ಲಿದೆ. 35 ಬಿಎಬಿಟಿಯದು, ಈಗ ಅದರ ಹೆಸರು ಟ್ಯೂಫ್ ಝ್ಯೂಡ್ ಬಿಎಬಿಟಿ, ಜರ್ಮನಿಯ ಗುಂಪಿಗೆ ಸೇರಿದ ಬ್ರಿಟನ್ನಿನ ಸಂಸ್ಥೆ. 86 ಚೀನಾದ ಟಿಎಎಫ್. 91 ಭಾರತದ ಮೊಬೈಲ್ ಸ್ಟ್ಯಾಂಡರ್ಡ್ಸ್ ಅಲಯನ್ಸ್ ಆಫ್ ಇಂಡಿಯಾ, ಎಂದರೆ ಎಂಎಸ್‌ಎಐ. 99 ಯಾವ ದೇಶದ್ದೂ ಅಲ್ಲ. ಸಿಡಿಎಂಎ ಮತ್ತು ಜಿಎಸ್ಎಂ ಎರಡೂ ಇರುವ ಉಪಕರಣಗಳಿಗಾಗಿ ಕಾದಿಟ್ಟದ್ದು. 86, 91 ಎರಡೂ ದೂರವಾಣಿ ಸಂಕೇತಕ್ಕೆ ಹೊಂದುವುದರಿಂದ ನಂಬಿಕೆ ಮತ್ತೆ ಚಿಗುರಿಕೊಂಡಿದೆ ಎಂಬುದನ್ನು ಒಪ್ಪಬೇಕು. ಆದರೆ ಅವೂ ಹೇಳುವುದು, ಟಿಎಸಿ ಬೇಕೆಂಬ ಅರ್ಜಿ ಯಾವ ಕಚೇರಿಯ ಮೂಲಕ ಬಂತು ಎಂಬುದನ್ನು. ಅರ್ಜಿ ಹಾಕುವುದು ಬ್ರಾಂಡಿನ ಒಡೆಯ. ಕಾರ್ಖಾನೆ ಎಲ್ಲಿದೆ ಎಂಬುದು ಅಂಕಿಯ ಆಯ್ಕೆಯನ್ನು ತೀರ್ಮಾನಿಸುವುದಿಲ್ಲ.

ಇದನ್ನು ನಮ್ಮ ರಾಜ್ಯದ ಉದಾಹರಣೆಯಲ್ಲೇ ನೋಡಬಹುದು. ಆರಂಭದ ಹಲವು ಐಫೋನ್‌ಗಳ ಸಂಖ್ಯೆ 01ರಿಂದ ತೊಡಗುತ್ತಿತ್ತು. ಅವುಗಳ ಜೋಡಣೆ ನಡೆದದ್ದು ಚೀನಾದಲ್ಲಿ. ಮುಂದೆ ಅದೇ ಕಂಪನಿಯ ಫೋನುಗಳು 35ಕ್ಕೆ ಬಂದವು. ಜೋಡಣೆ ಆಗಲೂ ಚೀನಾದಲ್ಲೇ ನಡೆಯುತ್ತಿತ್ತು. 2017ರಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್ಇ ಜೋಡಿಸತೊಡಗಿತು. ನಂತರ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 2023ರಲ್ಲಿ ಅದು ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಬಂತು. ನರಸಾಪುರದಲ್ಲಿ ಕೋಲಾರದ ಹೆಣ್ಣುಮಕ್ಕಳ ಕೈಯಲ್ಲಿ ಜೋಡಣೆಯಾದ ಫೋನನ್ನು ತೆಗೆದು `*#06#` ಒತ್ತಿದರೆ 91 ಬರುವುದಿಲ್ಲ, 35 ಬರುತ್ತದೆ. ದೇಶ ಬದಲಾಯಿತು, ಕಾರ್ಖಾನೆ ಬದಲಾಯಿತು, ಒಡೆಯ ಬದಲಾದ. 35 ಹಾಗೆಯೇ ಇದೆ. ದೇಶ ಬದಲಾಗದೆ 01 ಹೋಗಿ 35 ಬಂದದ್ದೂ ಇದೇ ಸರಣಿಯಲ್ಲಿದೆ. ಎರಡೂ ದಿಕ್ಕಿನಿಂದ ಸಂಬಂಧ ಕಡಿದಿರುವುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಹುಡುಕಬೇಕಾಗಿಲ್ಲ.

ತಿರುಗುಮುರುಗಾದ ಸಾಕ್ಷಿಯೂ ಇದೆ. ಸುಮಾರು 2010ರಿಂದ 2014ರವರೆಗೆ ನಮ್ಮ ಸಂತೆ ಪೇಟೆಗಳಲ್ಲಿ ಭಾರತೀಯ ಬ್ರಾಂಡಿನ ಅಗ್ಗದ ಎರಡು ಸಿಮ್ಮಿನ ಫೋನುಗಳು ರಾಶಿರಾಶಿಯಾಗಿ ಮಾರಾಟವಾದವು. ಅವುಗಳಲ್ಲಿ ಹಲವದರ ಸಂಖ್ಯೆ 91ರಿಂದ ಶುರುವಾಗುತ್ತಿತ್ತು, ಏಕೆಂದರೆ ಬ್ರಾಂಡಿನ ಒಡೆಯರು ಟಿಎಸಿ ಪಡೆದದ್ದು ಎಂಎಸ್‌ಎಐ ಮೂಲಕ. ಫೋನುಗಳು ಮಾತ್ರ ಆಗ ಬಹುಪಾಲು ಚೀನಾದಿಂದ ಸಿದ್ಧವಾಗಿ ಬರುತ್ತಿದ್ದವು. ಟಿ. ನರಸೀಪುರದ ಮನೆಯೊಂದರ ಗೂಡಿನಲ್ಲಿ ಅಂಥ ಹಳೆಯ ಫೋನು ಇನ್ನೂ ಉಳಿದಿದ್ದರೆ, ಅದರ ಬ್ಯಾಟರಿ ತೆಗೆದು ಅಡಿಯ ಚೀಟಿ ಓದಿ ನೋಡಬಹುದು. ಮೇಲೆ 91 ಇದ್ದು ಕೆಳಗೆ ಚೀನಾದ ಹೆಸರು ಕಂಡರೆ ಅಚ್ಚರಿಪಡಬೇಕಿಲ್ಲ.

ಇನ್ನೊಂದು ಮಾತು. ಫೋನಿಗೆ "ಒಂದು ದೇಶ" ಎಂಬುದೇ ಇದೆಯೆ ಎಂಬ ಪ್ರಶ್ನೆಯನ್ನು ತಾಂಡ್ಯದ ಸುತ್ತಮುತ್ತಲಿನವರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಪಕ್ಕದ ನಂಜನಗೂಡಿನಲ್ಲೇ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆ ಇದೆ. ಹಿಂದೆ ಇಂಡಾಲ್ ಎಲೆಕ್ಟ್ರಾನಿಕ್ಸ್ ಆಗಿದ್ದದ್ದನ್ನು 1999ರಲ್ಲಿ ಆ ಕಂಪನಿ ಕೊಂಡಿತು. ಅಲ್ಲಿ ಪಿಸಿಬಿ, ಎಂದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಕೂರಿಸುವ ಹಲಗೆಗಳು ತಯಾರಾಗುತ್ತವೆ. ಇಂಥ ಬರಿಯ ಹಲಗೆಯ ಮೇಲೆ ಐಎಂಇಐ ಇರುವುದಿಲ್ಲ. ಚಿಪ್ಪು ಕೂತು, ಪರದೆ ಸೇರಿ, ಫೋನು ಪೂರ್ತಿ ಜೋಡಣೆಯಾಗುವ ಸಾಲಿನಲ್ಲಿ ತಂತ್ರಾಂಶದ ಮೂಲಕ ಅದನ್ನು ಮೆಮೊರಿಗೆ ಬರೆಯುತ್ತಾರೆ. ಸಂಖ್ಯೆಯ ಕಟ್ಟನ್ನು ಆ ಹೊತ್ತಿಗಾಗಲೇ ಬ್ರಾಂಡಿನ ಒಡೆಯ ಬೇರೆಲ್ಲೋ ಪಡೆದುಕೊಂಡಿರುತ್ತಾನೆ. ಹಲಗೆ ಒಂದು ದೇಶದ್ದು, ಚಿಪ್ಪು ಇನ್ನೊಂದರದ್ದು, ಜೋಡಣೆ ಮೂರನೆಯದರಲ್ಲಿ, ಸಂಖ್ಯೆಯ ಹಂಚಿಕೆ ನಾಲ್ಕನೆಯದರಲ್ಲಿ. ಎರಡು ಅಂಕಿ ಇಷ್ಟನ್ನೂ ಹೇಗೆ ಹೊರುತ್ತವೆ?

ಭಾರತದಲ್ಲಿ ಸಂಖ್ಯೆಗೂ ತಯಾರಿಕೆಗೂ ಇನ್ನೊಂದು ರೀತಿಯಲ್ಲಿ ನಂಟು ಕಡಿದ ಪ್ರಸಂಗವೊಂದಿದೆ, ಅದನ್ನು ಹಲವರು ಮರೆತಿದ್ದಾರೆ. 2008ರ ಸುಮಾರಿಗೆ "ಚೈನಾ ಸೆಟ್" ಎಂದು ಕರೆಯುತ್ತಿದ್ದ ಫೋನುಗಳಲ್ಲಿ ಐಎಂಇಐ ಇಲ್ಲದವು, ಅಥವಾ ಹದಿನೈದೂ ಸೊನ್ನೆ ಇದ್ದವು ಲೆಕ್ಕವಿಲ್ಲದಷ್ಟು ಇದ್ದವು. ಭದ್ರತೆಯ ಕಾರಣಕ್ಕೆ ದೂರಸಂಪರ್ಕ ಇಲಾಖೆ ಅಂಥ ಫೋನುಗಳ ಕರೆಗಳನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತು. ಗಡುವು ಮುಂದಕ್ಕೆ ಹೋಗಿ ಹೋಗಿ ಕಡೆಗೆ 2009ರ ನವೆಂಬರ್ 30ಕ್ಕೆ ನಿಂತಿತು. ಬಡವರ ಫೋನು ಒಮ್ಮೆಗೇ ಕಸವಾಗಬಾರದೆಂದು, ಸಂಖ್ಯೆ ಇಲ್ಲದ ಫೋನಿಗೆ ಅಸಲಿ ಸಂಖ್ಯೆ ಬರೆದುಕೊಡುವ ಕೇಂದ್ರಗಳನ್ನು ತೆರೆದರು. ಶುಲ್ಕ 199 ರೂಪಾಯಿ. ಚೀನಾದಲ್ಲಿ ತಯಾರಾಗಿ, ಸಂಖ್ಯೆಯೇ ಇಲ್ಲದೆ ನಮ್ಮ ಊರಿಗೆ ಬಂದ ಫೋನು ಇಲ್ಲಿನ ಮೇಜಿನ ಮೇಲೆ ಹುಟ್ಟುಗುರುತು ಪಡೆದುಕೊಂಡಿತು. ಆ ಸಂಖ್ಯೆಯಲ್ಲಿ ತಯಾರಿಕೆಯ ದೇಶವನ್ನು ಹುಡುಕುವುದು ವ್ಯರ್ಥ.

ಜಾಲದ ಕಡೆಯಿಂದ ನೋಡಿದರೂ ಮೊದಲೆರಡು ಅಂಕಿಗೆ ಪ್ರತ್ಯೇಕ ಬೆಲೆ ಇಲ್ಲ. ಮೊಬೈಲ್ ಕಂಪನಿ ಫೋನಿನ ಮಾದರಿ ತಿಳಿಯಬೇಕಾದಾಗ ಎಂಟಂಕಿಯ ಟಿಎಸಿಯನ್ನು ಇಡಿಯಾಗಿ ಜಿಎಸ್ಎಂಎ ಪಟ್ಟಿಯಲ್ಲಿ ಹುಡುಕುತ್ತದೆ. ನಿರ್ದಿಷ್ಟ ಫೋನನ್ನು ತಡೆಯಬೇಕಾದಾಗ ಹದಿನಾಲ್ಕು ಅಂಕಿಗಳನ್ನು ನೋಡುತ್ತದೆ. ಹದಿನೈದನೆಯ ತಾಳೆಯ ಅಂಕಿಯನ್ನು ಫೋನು ಜಾಲಕ್ಕೆ ಕಳುಹಿಸುವುದೂ ಇಲ್ಲ. ಅದು ಮನುಷ್ಯರು ಬರೆದುಕೊಳ್ಳುವಾಗ ಆಗುವ ತಪ್ಪನ್ನು ಹಿಡಿಯಲು ಇರುವುದು.

ಆ ತಾಳೆಯನ್ನು ಕಾಗದ ಪೆನ್ನಿನಲ್ಲೇ ಮಾಡಬಹುದು. 49ರ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಎಡದಿಂದ ಎರಡನೆಯ, ನಾಲ್ಕನೆಯ, ಆರನೆಯ ಹೀಗೆ ಸಮಸ್ಥಾನದ ಅಂಕಿಗಳು 9, 1, 4, 0, 2, 7, 1. ಅವನ್ನು ಇಮ್ಮಡಿಸಬೇಕು; ಎರಡಂಕಿ ಬಂದರೆ ಆ ಎರಡನ್ನೂ ಕೂಡಬೇಕು. 18 ಬಂದರೆ 9, 14 ಬಂದರೆ 5. ಹೀಗೆ 9, 2, 8, 0, 4, 5, 2, ಒಟ್ಟು 30. ಬೆಸಸ್ಥಾನದವು 4, 0, 5, 2, 3, 3, 5, ಒಟ್ಟು 22. ಎರಡೂ ಸೇರಿ 52. ಮುಂದಿನ ಹತ್ತರ ಗುಣಕವಾದ 60ಕ್ಕೆ 8 ಬೇಕು, ಕೊನೆಯ ಅಂಕಿಯೂ 8. ತಾಳೆಯಾಯಿತು. 35ರ ಸಂಖ್ಯೆಯಲ್ಲಿ ಇದೇ ಕೂಡಿಕೆ 49 ಆಗುತ್ತದೆ, 50ಕ್ಕೆ 1 ಬೇಕು, ಕೊನೆಯ ಅಂಕಿ 1. ಎರಡೂ ಸಂಖ್ಯೆ ನಿಯಮಬದ್ಧ.

ಆದರೆ ನಿಯಮಬದ್ಧವೆಂದ ಮಾತ್ರಕ್ಕೆ ಅದನ್ನು ಹೊತ್ತ ಫೋನು ಅಸಲಿಯೆನ್ನುವಂತಿಲ್ಲ. ಕಳ್ಳ ಸಂಖ್ಯೆ ಬರೆಯುವವನು ಸಾಮಾನ್ಯವಾಗಿ ಹೊಸದನ್ನು ಕಲ್ಪಿಸಿಕೊಳ್ಳುವುದಿಲ್ಲ. ಇನ್ನೊಂದು ಫೋನಿನ ನಿಜವಾದ ಸಂಖ್ಯೆಯನ್ನೇ ನಕಲು ಮಾಡುತ್ತಾನೆ. ಆಗ ಮೊದಲೆರಡು ಅಂಕಿಯೂ ಸರಿ, ತಾಳೆಯೂ ಸರಿ. 2020ರಲ್ಲಿ ಉತ್ತರ ಪ್ರದೇಶದ ಮೀರತ್ ಪೊಲೀಸರು ರಿಪೇರಿಯಾಗಿ ಬಂದ ಒಂದು ಫೋನಿನ ಜಾಡು ಹಿಡಿದು ಹೋದಾಗ, ಹದಿಮೂರು ಸಾವಿರಕ್ಕೂ ಹೆಚ್ಚು ಫೋನುಗಳು ಒಂದೇ ಐಎಂಇಐ ಹೊತ್ತು ಓಡುತ್ತಿದ್ದದ್ದು ಹೊರಬಿತ್ತು. ಅಂಥ ಫೋನಿನ ಮೇಲೆ 91 ಇದೆಯೋ 86 ಇದೆಯೋ ಎಂದು ನೋಡುವುದರಿಂದ ಏನೂ ಗೊತ್ತಾಗುತ್ತಿರಲಿಲ್ಲ. ಐಎಂಇಐ ತಿದ್ದುವುದನ್ನು ಅಪರಾಧವೆಂದು 2017ರ ಆಗಸ್ಟ್‌ನ ನಿಯಮಗಳೇ ಸಾರಿದ್ದವು. 2023ರ ಜನವರಿ 1ರಿಂದ ಭಾರತದಲ್ಲಿ ತಯಾರಾಗುವ ಪ್ರತಿ ಫೋನಿನ ಸಂಖ್ಯೆಯನ್ನು ಮೊದಲ ಮಾರಾಟಕ್ಕೆ ಮುಂಚೆ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದೂ ಆಗಿದೆ.

ಹಾಗಾದರೆ ಹಳೆ ಫೋನು ಕೊಳ್ಳುವವರು ಏನು ಮಾಡಬೇಕು? ಪ್ರಶ್ನೆಗಳು ಎರಡಿವೆ, ಅವನ್ನು ಬೆರೆಸಬಾರದು. ಫೋನು ಕಳ್ಳಮಾಲೇ ಎಂಬುದು ಮೊದಲನೆಯದು. ಅದಕ್ಕೆ `KYM` ಎಂದು ಬರೆದು, ಜಾಗ ಬಿಟ್ಟು, ಹದಿನೈದು ಅಂಕಿಯನ್ನೂ ಬರೆದು `14422`ಕ್ಕೆ ಎಸ್ಎಂಎಸ್ ಕಳುಹಿಸಬೇಕು. ಸಂಚಾರ್ ಸಾಥಿ ಆ್ಯಪ್‌ನಲ್ಲೂ ಇದೇ ಸೌಲಭ್ಯ ಇದೆ. ಉತ್ತರದಲ್ಲಿ ಬ್ರಾಂಡು ಮತ್ತು ಮಾದರಿಯ ಹೆಸರು ಬರುತ್ತದೆ. ಸಂಖ್ಯೆ ಕಪ್ಪುಪಟ್ಟಿಯಲ್ಲಿದ್ದರೆ ಅಥವಾ ಬೇರೆ ಫೋನಿನಲ್ಲೂ ಬಳಕೆಯಲ್ಲಿದ್ದರೆ ಅದೂ ತಿಳಿಯುತ್ತದೆ. ಕೈಯಲ್ಲಿರುವುದು ಒಂದು ಬ್ರಾಂಡು, ಉತ್ತರದಲ್ಲಿ ಬಂದದ್ದು ಇನ್ನೊಂದು ಬ್ರಾಂಡು ಆಗಿದ್ದರೆ ಸಂಖ್ಯೆಯನ್ನು ತಿದ್ದಲಾಗಿದೆ ಎಂದೇ ತಿಳಿದು ವ್ಯವಹಾರ ಅಲ್ಲಿಗೇ ಕೈಬಿಡಬೇಕು. ಪೆಟ್ಟಿಗೆಯ ಮೇಲಿನ ಸಂಖ್ಯೆ, ಪರದೆಯ ಮೇಲೆ ಬಂದ ಸಂಖ್ಯೆ ಎರಡೂ ಒಂದೇ ಆಗಿವೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಎಸ್ಎಂಎಸ್ ಉತ್ತರದಲ್ಲಿ ದೇಶದ ಹೆಸರು ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ.

ಫೋನು ಎಲ್ಲಿ ತಯಾರಾಯಿತು ಎಂಬುದು ಎರಡನೆಯ ಪ್ರಶ್ನೆ. ಪೆಟ್ಟಿಗೆಯ ಮೇಲೆ ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ್ದು ಎಂಬ ಇನ್ನೊಂದು ನಂಬಿಕೆಯೂ ಚಲಾವಣೆಯಲ್ಲಿದೆ. ಅದರ ಕಥೆಯೂ ಇದೇ. 890 ಎಂದರೆ ಸಂಖ್ಯೆಯನ್ನು ಜಿಎಸ್1 ಇಂಡಿಯಾ ಸಂಸ್ಥೆ ಕೊಟ್ಟಿದೆ ಎಂದಷ್ಟೆ. ತಯಾರಿಕೆಯ ದೇಶವನ್ನು ಪೆಟ್ಟಿಗೆಯ ಚೀಟಿಯಲ್ಲಿ ಅಕ್ಷರಗಳಲ್ಲೇ ಮುದ್ರಿಸಿರುತ್ತಾರೆ, ಅದನ್ನು ಓದಬೇಕು. ಇನ್ನೂ ಖಚಿತವಾದ ದಾರಿ ಬಿಐಎಸ್ ನೋಂದಣಿಯದು. ಭಾರತದಲ್ಲಿ ಮಾರುವ ಮೊಬೈಲ್ ಫೋನಿಗೆ ಭಾರತೀಯ ಮಾನಕ ಸಂಸ್ಥೆಯ ಕಡ್ಡಾಯ ನೋಂದಣಿ ಇದೆ, ಅದರ ಸಂಖ್ಯೆ `R-` ಎಂದು ಶುರುವಾಗುತ್ತದೆ. ಆ ನೋಂದಣಿಯನ್ನು ಬ್ರಾಂಡಿಗೆ ಒಟ್ಟಾರೆಯಾಗಿ ಕೊಡುವುದಿಲ್ಲ, ಒಂದೊಂದು ಕಾರ್ಖಾನೆಗೆ ಬೇರೆಬೇರೆಯಾಗಿ ಕೊಡುತ್ತಾರೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ತಯಾರಕರ ಹೆಸರು, ಕಾರ್ಖಾನೆಯ ವಿಳಾಸ ಎರಡೂ ಸಿಗುತ್ತವೆ.